ಮೂರು ಕಪ್, ಒಂದಕ್ಕಷ್ಟೇ ದುಡ್ಡು: ಆಳ, ಅವಧಿ, ಬತ್ತಿದ ವಾಲ್ಯೂಮ್ ನೋಡಿ ಆರಿಸುವುದು ಹೇಗೆ?

ಭಾನುವಾರ ಸಂಜೆ ಕೂತು ವಾರದ ಚಾರ್ಟುಗಳನ್ನು ಒಂದೊಂದಾಗಿ ತಿರುವಿದರೆ ಎಲ್ಲೆಲ್ಲೂ ಕಪ್‌ಗಳೇ ಕಾಣುತ್ತವೆ. ಬಿದ್ದು ಎದ್ದ ಯಾವ ಷೇರನ್ನೇ ಆದರೂ ತುಸು ದೂರದಿಂದ ನೋಡಿ, ಕಪ್ಪಿನ ಹಾಗೇ ಇರುತ್ತದೆ. ನನ್ನ ಭಾವಮೈದ ವಾರಕ್ಕೆ ಎರಡಾದರೂ ಸ್ಕ್ರೀನ್‌ಶಾಟ್ ಕಳಿಸುತ್ತಾನೆ: "ಭಾವ, ಕಪ್ ರೆಡಿ ಆಗಿದೆ ನೋಡಿ. ಹ್ಯಾಂಡಲ್ ಬರೋ ತನಕ ಯಾಕೆ ಕಾಯ್ಬೇಕು?" ಈ ಬರಹ ಹುಟ್ಟಿದ್ದೇ ಆ ಪ್ರಶ್ನೆಯಿಂದ. ಹ್ಯಾಂಡಲ್ ಅಂದರೆ ಕಪ್ಪಿನ ಬಲಗಡೆ ಏರಿ ಬಂದ ಬೆಲೆ ಹಳೆಯ ಶಿಖರದ ಹತ್ತಿರ ತುಸು ಕೆಳಗೆ ಜಾರುವ ಸಣ್ಣ ಬಿಡುವು. ಕಪ್ ಗುರುತಿಸುವುದು ಸುಲಭ. ಮೂರು ಕಪ್ ಕಣ್ಮುಂದೆ ಇದ್ದು, ಒಂದು ಕೊಳ್ಳುವಷ್ಟೇ ದುಡ್ಡು ಕೈಲಿದ್ದಾಗ ಯಾವುದನ್ನು ಕೊಳ್ಳಬೇಕು ಅನ್ನುವುದು ಬೇರೆ ಕೆಲಸ.

ಈ ನಮೂನೆಗೆ ಹೆಸರು, ಅಳತೆ ಎರಡನ್ನೂ ಜನಪ್ರಿಯಗೊಳಿಸಿದವರು ಅಮೆರಿಕದ ವಿಲಿಯಂ ಓನೀಲ್. ಬ್ರೋಕರ್ ಆಗಿ ಶುರುಮಾಡಿದ ಅವರು, ಹಿಂದೆ ದೊಡ್ಡದಾಗಿ ಏರಿದ ಷೇರುಗಳ ಚಾರ್ಟುಗಳನ್ನು ಗುಡ್ಡೆ ಹಾಕಿಕೊಂಡು, ಏರುವ ಮುಂಚೆ ಅವೆಲ್ಲ ಹೇಗಿದ್ದವು ಎಂದು ಅಳೆದರು. 1988ರಲ್ಲಿ ಆ ಅಳತೆಗಳನ್ನು ಪುಸ್ತಕವಾಗಿ ಕೊಟ್ಟರು. ಅವರು ಅಳೆದದ್ದು ಸಿಕ್ಕಸಿಕ್ಕ ಷೇರನ್ನಲ್ಲ. ತ್ರೈಮಾಸಿಕ ಲಾಭ ಹಿಂದಿನ ವರ್ಷದ ಅದೇ ಅವಧಿಗಿಂತ ಕನಿಷ್ಠ ಶೇ. 25ರಷ್ಟು ಹೆಚ್ಚಿರುವ ಬೆಳವಣಿಗೆಯ ಕಂಪನಿಗಳನ್ನೇ ಆರಿಸಬೇಕು ಎಂದರು. ಲಾಭವೇ ಬೆಳೆಯದ ಕಂಪನಿಯ ಚಾರ್ಟಿನಲ್ಲಿ ಎಷ್ಟು ಅಂದವಾದ ಕಪ್ ಇದ್ದರೂ ಈ ನಿಯಮಗಳು ಅದಕ್ಕಾಗಿ ಬರೆದವಲ್ಲ. ಹಾಗಾಗಿ ಮುಂದೆ ಬರುವ ಮೂರೂ ಷೇರುಗಳು ಆ ಪರೀಕ್ಷೆ ದಾಟಿವೆ ಎಂದೇ ಇಟ್ಟುಕೊಳ್ಳಿ.

ಮೂರೂ ಲೆಕ್ಕಕ್ಕಾಗಿ ನಾನೇ ಕಟ್ಟಿದ ಷೇರುಗಳು. ನಿಜವಾದ ಹೆಸರು ಹಾಕಿದರೆ ಓದುವವರ ಕಣ್ಣು ಚಾರ್ಟ್ ಬಿಟ್ಟು ಹೆಸರಿನ ಮೇಲೆ ಹೋಗುತ್ತದೆ. ಆದ್ದರಿಂದ ಅ, ಆ, ಇ.

| | ಅ | ಆ | ಇ |
|---|---|---|---|
| ಕಪ್‌ಗೆ ಮುಂಚಿನ ಏರಿಕೆ | 300ರಿಂದ 500 | 540ರಿಂದ 800 | 500ರಿಂದ 1,200 |
| ಕಪ್ಪಿನ ತಳ | 375 | 560 | 660 |
| ಆಳ | ಶೇ. 25 | ಶೇ. 30 | ಶೇ. 45 |
| ಒಟ್ಟು ಅವಧಿ | 22 ವಾರ | 6 ವಾರ | 50 ವಾರ |
| ಹ್ಯಾಂಡಲ್ | 3 ವಾರ, 485ರಿಂದ 446 | ಇನ್ನೂ ಇಲ್ಲ | 2 ವಾರ, ಮೇಲ್ಮುಖ |

ಮೊದಲ ಸಾಲು ಬಹಳ ಜನ ನೋಡದೆ ಬಿಡುವ ಸಾಲು. ಕಪ್ ಅಂದರೆ ಓಡಿ ಬಂದ ಷೇರು ಕೂತು ದಣಿವಾರಿಸಿಕೊಳ್ಳುವ ಜಾಗ. ಓಡಿಯೇ ಇಲ್ಲದ ಷೇರಿಗೆ ದಣಿವೆಲ್ಲಿಂದ? ಕಪ್ ಶುರುವಾಗುವ ಮುಂಚೆ ಕನಿಷ್ಠ ಶೇ. 30ರ ಏರಿಕೆ ಇರಬೇಕು ಎನ್ನುತ್ತದೆ ನಿಯಮ. ಇಲ್ಲಿ ಮೂರೂ ದಾಟಿವೆ, ಮುಂದೆ ಹೋಗೋಣ.

ಆಳ: 12ರಿಂದ 33, ಆದರೆ ಸೂಚ್ಯಂಕದ ಪಕ್ಕದಲ್ಲಿಟ್ಟು

ಎಡ ಶಿಖರದಿಂದ ತಳಕ್ಕೆ ಬಿದ್ದ ಪ್ರಮಾಣವೇ ಆಳ. ಸಾಮಾನ್ಯ ಮಾರುಕಟ್ಟೆಯಲ್ಲಿ ಅದು ಶೇ. 12ರಿಂದ 33ರೊಳಗೆ ಇರಬೇಕು. 12ಕ್ಕಿಂತ ಕಡಿಮೆ ಬಿದ್ದದ್ದನ್ನು ಸಾಮಾನ್ಯವಾಗಿ ಕಪ್ ಎನ್ನುವುದಿಲ್ಲ. ಅದು ಬೆಲೆ ಬಹುತೇಕ ಅಡ್ಡಡ್ಡ ಸಾಗುವ ಫ್ಲಾಟ್ ಬೇಸ್ ಕಡೆಗೆ ಹೋಗುತ್ತದೆ, ಅದಕ್ಕೆ ಬೇರೆ ಅಳತೆ: ಕನಿಷ್ಠ 5 ವಾರ, ಆಳ ಶೇ. 15ರೊಳಗೆ.

33ರ ಗೆರೆ ಏಕೆ ಎಂಬುದು ಗುಣಾಕಾರ ಮಾಡಿದರೆ ತಿಳಿಯುತ್ತದೆ. ಶೇ. 25 ಬಿದ್ದ ಷೇರು ಹಳೆಯ ಶಿಖರಕ್ಕೆ ಮರಳಲು ಶೇ. 33 ಏರಬೇಕು. ಶೇ. 33 ಬಿದ್ದದ್ದು ಸುಮಾರು ಶೇ. 50 ಏರಬೇಕು. ನಮ್ಮ 'ಇ' 660ರಿಂದ 1,200ಕ್ಕೆ ಮರಳಬೇಕಾದರೆ ಶೇ. 82 ಏರಬೇಕು. ಅಂದರೆ ಹಳೆಯ ಶಿಖರ ಮುಟ್ಟುವ ಹೊತ್ತಿಗೇ ತಳದಲ್ಲಿ ಕೊಂಡವನ ಕೈಯಲ್ಲಿ ದೊಡ್ಡ ಲಾಭವಿರುತ್ತದೆ, ಅವನಿಗೆ ಮಾರುವ ಆಸೆ. ಇನ್ನೊಂದು ಕಡೆ 1,150ಕ್ಕೆ ಕೊಂಡು, 660ರವರೆಗೂ ನೋಡಿಕೊಂಡು ಕೂತು, ವರ್ಷವಿಡೀ ನಿದ್ದೆಗೆಟ್ಟವನಿದ್ದಾನೆ. ಅವನಿಗೆ ಅಸಲು ಬಂದರೆ ಸಾಕು, ದೇವರಿಗೆ ತುಪ್ಪದ ದೀಪ ಹಚ್ಚಿ ಹೊರಗೆ ಹೋಗುತ್ತಾನೆ. ಈ ಇಬ್ಬರೂ ಒಂದೇ ಬೆಲೆಯಲ್ಲಿ ಮಾರಲು ನಿಂತರೆ, ಬೆಲೆ ತಡೆ ದಾಟಿ ಮೇಲೇಳುವ ಬ್ರೇಕ್‌ಔಟ್‌ಗೆ ಉಸಿರು ಸಾಲದು.

ಆದರೆ 33 ಅನ್ನುವುದನ್ನು ಗೋಡೆಗೆ ಬರೆದಿಟ್ಟುಕೊಂಡು ಎಲ್ಲ ಕಾಲಕ್ಕೂ ಬಳಸಬಾರದು. 2020ರ ಜನವರಿಯಿಂದ ಮಾರ್ಚ್ 24ರೊಳಗೆ ನಿಫ್ಟಿಯೇ ಸುಮಾರು 12,430ರಿಂದ 7,511ಕ್ಕೆ, ಅಂದರೆ ಹತ್ತಿರ ಹತ್ತಿರ ಶೇ. 40 ಬಿತ್ತು. ಆಗ ಶೇ. 45 ಬಿದ್ದ ಬೆಳವಣಿಗೆಯ ಷೇರು ಬಲಹೀನ ಎನ್ನಲಾಗದು, ಗಟ್ಟಿಗ ಎನ್ನಬೇಕು. ಹೀಗಾಗಿ ಎರಡನೇ ಅಳತೆಯೊಂದಿದೆ: ಷೇರು ಬಿದ್ದದ್ದು ಸೂಚ್ಯಂಕದ ಕುಸಿತದ ಎರಡೂವರೆ ಪಟ್ಟು ಮೀರಬಾರದು. 2024ರ ಸೆಪ್ಟೆಂಬರ್ ಶಿಖರದಿಂದ 2025ರ ಏಪ್ರಿಲ್ 7ರ ತಳಕ್ಕೆ ನಿಫ್ಟಿ ಬಿದ್ದದ್ದು ಸುಮಾರು ಶೇ. 17. ಎರಡೂವರೆ ಪಟ್ಟು ಅಂದರೆ 43. 'ಇ' ಆ ಕಾಲದ ಕಪ್ ಆಗಿದ್ದರೆ ಗೆರೆ ದಾಟಿದ್ದು ಕೂದಲೆಳೆಯಷ್ಟು, ವಾದಕ್ಕೆ ಜಾಗವಿದೆ. ಸೂಚ್ಯಂಕ ಶೇ. 8 ಮಾತ್ರ ಬಿದ್ದ ಸಮಯದಲ್ಲಿ ಇದು 45 ಬಿದ್ದಿದ್ದರೆ, ಕಂಪನಿಯೊಳಗೆ ಏನೋ ಕೆಟ್ಟಿದೆ ಎಂದು ಯಾರಿಗೋ ಮೊದಲೇ ತಿಳಿದಿತ್ತು ಎಂದೇ ನಾನು ಓದಿಕೊಳ್ಳುತ್ತೇನೆ. ಮಿಡ್‌ಕ್ಯಾಪ್, ಸ್ಮಾಲ್‌ಕ್ಯಾಪ್ ಷೇರಾದರೆ ನಿಫ್ಟಿ ಬಿಟ್ಟು ಅದರದೇ ವರ್ಗದ ಸೂಚ್ಯಂಕದ ಜೊತೆ ಹೋಲಿಸುವುದು ನ್ಯಾಯ.

ಅವಧಿ: ಏಳು ವಾರಕ್ಕೆ ಮುಂಚೆ ಕಪ್ ಬೇಯುವುದಿಲ್ಲ

ಹ್ಯಾಂಡಲ್ ಇರುವ ಕಪ್‌ಗೆ ಕನಿಷ್ಠ 7 ವಾರ, ಗರಿಷ್ಠ 65 ವಾರ. ಹ್ಯಾಂಡಲ್ ಇಲ್ಲದ್ದಕ್ಕೆ ಕನಿಷ್ಠ 6. ಹೆಚ್ಚಿನವು ಮೂರರಿಂದ ಆರು ತಿಂಗಳಲ್ಲಿ ಮುಗಿಯುತ್ತವೆ. ಎಣಿಸುವಾಗ ಶಿಖರ ಮುಟ್ಟಿದ ವಾರವನ್ನು ಬಿಟ್ಟು, ಅದರ ನಂತರ ಇಳಿಕೆಯಲ್ಲಿ ಮುಗಿದ ಮೊದಲ ವಾರದಿಂದ ಎಣಿಸಬೇಕು. ಒಂದು ವಾರದ ವ್ಯತ್ಯಾಸ ತಾನೇ ಅನ್ನಬೇಡಿ, 'ಆ' ತರಹದ ಷೇರಿನಲ್ಲಿ ತೀರ್ಪು ನಿಲ್ಲುವುದೇ ಆ ಒಂದು ವಾರದ ಮೇಲೆ.

'ಆ' 800ರಿಂದ 560ಕ್ಕೆ ಮೂರು ವಾರದಲ್ಲಿ ಬಿತ್ತು, ಮುಂದಿನ ಮೂರು ವಾರದಲ್ಲಿ 790ಕ್ಕೆ ಏರಿತು. ಆಳ ನಿಯಮದೊಳಗಿದೆ, ಅವಧಿ ಗೆರೆಯ ಮೇಲಿದೆ. ಕಾಗದದ ಮೇಲೆ ಪಾಸು. ಆದರೆ ಇದು ಕಪ್ ಅಲ್ಲ, ಹಾಲಿನ ಲಾಳಿಕೆ. ತಳದಲ್ಲಿ ಒಂದು ವಾರವೂ ಕೂರಲಿಲ್ಲ. ಬಲಹೀನ ಕೈಗಳು ಬೇಸತ್ತು ಮಾರಿ ಹೋಗಲು, ಅವರ ಷೇರು ಗಟ್ಟಿ ಕೈಗಳಿಗೆ ಸೇರಲು ಕಾಲ ಬೇಕು. ಇಲ್ಲಿ ಆ ಕಾಲ ಸಿಕ್ಕಿಲ್ಲ. 560ರಲ್ಲಿ ಕೊಂಡವನಿಗೆ ಮೂರೇ ವಾರದಲ್ಲಿ ಶೇ. 41 ಲಾಭ, 800ಕ್ಕೆ ಕೊಂಡವನಿಗೆ ಈಗ ತಾನೇ ಜೀವ ಬಂದಿದೆ. ಭಾವಮೈದ ಕಳಿಸುವ ಚಾರ್ಟುಗಳಲ್ಲಿ ಮುಕ್ಕಾಲು ಪಾಲು ಈ ಜಾತಿಯವು. ಹಿಂದೆ ಬಿದ್ದರೆ ಕೆಲವು ನಿಜವಾಗಿಯೂ ಓಡುತ್ತವೆ, ಅದನ್ನೇ ಅವನು ನೆನಪಿಟ್ಟುಕೊಳ್ಳುತ್ತಾನೆ.

'ಅ' ಏಳು ವಾರ ಇಳಿಯಿತು, ನಾಲ್ಕು ವಾರ 375ರಿಂದ 395ರ ನಡುವೆ ಸುಮ್ಮನೆ ಕೂತಿತು, ಎಂಟು ವಾರ ಏರಿ 485 ಮುಟ್ಟಿತು, ಆಮೇಲೆ ಮೂರು ವಾರದ ಹ್ಯಾಂಡಲ್. ತಳ ದುಂಡಗಿದೆ. ಆ ನಾಲ್ಕು ಬೇಜಾರಿನ ವಾರಗಳೇ ಈ ಚಾರ್ಟಿನ ಆಸ್ತಿ.

ಹ್ಯಾಂಡಲ್: ಕೆಳಗೆ ಜಾರಬೇಕು, ಆದರೆ ಮೇಲಿನ ಅರ್ಧದಲ್ಲೇ

ಬಲಗಡೆ ಏರಿ ಹಳೆಯ ಶಿಖರದ ಹತ್ತಿರ ಬಂದ ಷೇರು ಅಲ್ಲಿ ಸ್ವಲ್ಪ ಹಿಂದೆ ಸರಿಯುತ್ತದೆ. ಅಸಲು ಬಂದರೆ ಸಾಕು ಎಂದಿದ್ದವರು ಈಗ ಮಾರುತ್ತಾರೆ. ಒಂದು ವಾರವಾದರೂ ಇರಬೇಕು, ಎರಡಿದ್ದರೆ ಮೇಲು. ಏರುಮಾರುಕಟ್ಟೆಯಲ್ಲಿ ಆಳ ಶೇ. 8ರಿಂದ 12ರೊಳಗೆ. ಹ್ಯಾಂಡಲ್‌ನ ಮಧ್ಯಬಿಂದು ಇಡೀ ಬೇಸ್‌ನ, ಅಂದರೆ ಇಲ್ಲಿ ಕಪ್ಪಿನ, ಮಧ್ಯಬಿಂದುವಿಗಿಂತ ಮೇಲಿರಬೇಕು, ಬೆಲೆ 10 ವಾರದ ಸರಾಸರಿಯ ಕೆಳಗೆ ಮುಗಿಯಬಾರದು.

'ಅ' ಮೇಲೆ ಇದನ್ನು ಇಟ್ಟು ನೋಡಿ. ಬೇಸ್‌ನ ಮಧ್ಯ 500 ಮತ್ತು 375ರ ನಡುವೆ, ಅಂದರೆ 437.50. ಹ್ಯಾಂಡಲ್‌ನ ಮಧ್ಯ 485 ಮತ್ತು 446ರ ನಡುವೆ, 465.50. ಮೇಲಿದೆ. ಹ್ಯಾಂಡಲ್ ಜಾರಿದ್ದು ಶೇ. 8. ಕೊನೆಯ ಹತ್ತು ವಾರದ ಮುಕ್ತಾಯಗಳು 400, 412, 425, 440, 455, 470, 485, 470, 458, 452 ಎಂದುಕೊಂಡರೆ ಸರಾಸರಿ 446.70. ವಾರದ ನಡುವೆ ಬೆಲೆ 446ಕ್ಕೆ ಇಳಿದು ಸರಾಸರಿಯನ್ನು ಸವರಿಕೊಂಡು ಬಂತು, ವಾರ ಮುಗಿದದ್ದು 452ರಲ್ಲಿ. ಇಂಥ ಸವರುವಿಕೆ ನನಗೆ ಇಷ್ಟ. ಹ್ಯಾಂಡಲ್‌ನ ಹಿಂದಿನ ತಳಕ್ಕಿಂತ ಒಂದೆರಡು ರೂಪಾಯಿ ಕೆಳಗೆ ಇಟ್ಟಿದ್ದ ಸ್ಟಾಪ್‌ಲಾಸ್‌ಗಳನ್ನೆಲ್ಲ ಗುಡಿಸಿ ಹಾಕಿ ಬೆಲೆ ಮೇಲೆ ಬಂದಿರುತ್ತದೆ.

'ಇ'ಯದ್ದು ಉಲ್ಟಾ. ಅದರ ಹ್ಯಾಂಡಲ್ 1,090ರಿಂದ 1,120ಕ್ಕೆ, ಪ್ರತಿ ದಿನದ ತಳ ಹಿಂದಿನ ದಿನದ್ದಕ್ಕಿಂತ ಕೊಂಚ ಮೇಲೆ. ನೋಡಲು ಶಕ್ತಿಯ ಹಾಗೆ ಕಾಣುತ್ತದೆ. ಆದರೆ ಹ್ಯಾಂಡಲ್‌ನ ಕೆಲಸವೇ ಉದುರಿಸುವುದು. ಇಲ್ಲಿ ಯಾರೂ ಉದುರಿಲ್ಲ. ಮಾರಬೇಕಾದವರೆಲ್ಲ ಇನ್ನೂ ಒಳಗೇ ಇದ್ದಾರೆ, ಬ್ರೇಕ್‌ಔಟ್ ಆದ ದಿನ ಎದುರು ಸಿಗುತ್ತಾರೆ.

ವಾಲ್ಯೂಮ್: ಎಲ್ಲಿ ಬತ್ತಬೇಕು, ಎಷ್ಟು ಬತ್ತಬೇಕು

ಮೇಲಿನ ಮೂರೂ ಬೆಲೆಯ ಮಾತು. ನನ್ನ ಮಟ್ಟಿಗೆ, ಎರಡು ಷೇರು ಆಳ, ಅವಧಿಗಳಲ್ಲಿ ಸಮನಾಗಿ ನಿಂತಾಗ ತೀರ್ಮಾನ ಮಾಡುವುದು ಹ್ಯಾಂಡಲ್‌ನೊಳಗಿನ ವಾಲ್ಯೂಮ್. ಕೆರೆ ಬತ್ತಿದ ಹಾಗೆ ಅದು ಬತ್ತಬೇಕು. ಬೆಲೆ ಕೆಳಗೆ ಜಾರುತ್ತಿದ್ದರೂ ವ್ಯವಹಾರವೇ ಇಲ್ಲವೆಂದರೆ, ಮಾರುವವರು ಮುಗಿದಿದ್ದಾರೆ, ಇದ್ದವರು ಈ ಬೆಲೆಗೆ ಕೊಡಲು ತಯಾರಿಲ್ಲ ಎಂದು ಅರ್ಥ. ಹಾಗಿದ್ದಾಗ ದೊಡ್ಡ ಫಂಡೊಂದು ಕೊಳ್ಳಲು ಬಂದರೆ ಬೆಲೆ ಏರಿಸದೆ ಅದಕ್ಕೆ ಷೇರು ಸಿಗದು.

ಬತ್ತಬೇಕಾದ ಜಾಗ ಎರಡು. ಒಂದು ಕಪ್ಪಿನ ತಳ, ಇನ್ನೊಂದು ಹ್ಯಾಂಡಲ್‌ನ ಕೆಳಭಾಗ. 'ಅ'ಯಲ್ಲಿ ವಾರದ ಸರಾಸರಿ 20 ಲಕ್ಷ ಷೇರು. ಎಡಗಡೆ ಇಳಿಯುವಾಗ ವಾರಕ್ಕೆ 26 ಲಕ್ಷ, ತಳದಲ್ಲಿ 12 ಲಕ್ಷ, ಬಲಗಡೆ ಏರುವ ವಾರಗಳಲ್ಲಿ 24 ಲಕ್ಷ. ಹ್ಯಾಂಡಲ್‌ನ ಮೂರು ವಾರ ಕ್ರಮವಾಗಿ 15, 12, 9 ಲಕ್ಷ. ದಿನದ ಲೆಕ್ಕದಲ್ಲಿ 50 ದಿನದ ಸರಾಸರಿ 4 ಲಕ್ಷವಾದರೆ, ಕೊನೆಯ ವಾರದ ಒಂದು ದಿನ 1.6 ಲಕ್ಷಕ್ಕೆ ಇಳಿಯಿತು, ಅಂದರೆ ಸರಾಸರಿಯ ಶೇ. 40. ಅದೇ ದಿನ ಮೇಲು-ಕೆಳಗಿನ ಬೆಲೆಗಳ ಅಂತರ ಶೇ. 1 ಮಾತ್ರ. ವಾಲ್ಯೂಮ್ ಮತ್ತು ಬೆಲೆಯ ಓಡಾಟ ಎರಡೂ ಒಟ್ಟಿಗೆ ಮುದುಡಿದ ಆ ದಿನವನ್ನೇ ನಾನು ಹುಡುಕುವುದು.

ಎಷ್ಟು ಬತ್ತಿದರೆ ಸಾಕು ಎಂಬುದಕ್ಕೆ ಮೂಲ ನಿಯಮದಲ್ಲಿ ನಿಖರವಾದ ಗೆರೆಯಿಲ್ಲ, ಸರಾಸರಿಗಿಂತ ಎದ್ದು ಕಾಣುವಷ್ಟು ಕಡಿಮೆ ಇರಬೇಕು ಅಷ್ಟೆ. ನಾನು ಇಟ್ಟುಕೊಂಡಿರುವ ಗೆರೆ: ಹ್ಯಾಂಡಲ್‌ನ ಕೊನೆಯ ವಾರದಲ್ಲಿ ಕನಿಷ್ಠ ಎರಡು ದಿನ ಸರಾಸರಿಯ ಅರ್ಧಕ್ಕಿಂತ ಕೆಳಗೆ ಹೋಗಿರಬೇಕು. ಇದು ನನ್ನ ರೂಢಿ, ಶಾಸ್ತ್ರವಲ್ಲ.

'ಆ'ದಲ್ಲಿ ತಳದ ವಾರವೇ ಅತಿ ಹೆಚ್ಚು ವಾಲ್ಯೂಮ್‌ನ ವಾರ. ಅದು ಗಾಬರಿಯ ಮಾರಾಟ, ತಳದ ಸೂಚನೆಯೂ ಇರಬಹುದು, ಆದರೆ ಬತ್ತುವಿಕೆ ಅಲ್ಲ. 'ಇ'ಯ ಮೇಲ್ಮುಖ ಹ್ಯಾಂಡಲ್‌ನಲ್ಲಿ ವಾಲ್ಯೂಮ್ ವಾರದಿಂದ ವಾರಕ್ಕೆ ಏರಿದೆ. ಬೆಲೆ ಶೇ. 3ರಷ್ಟೂ ಮೇಲೆ ಹೋಗದೆ ವಾಲ್ಯೂಮ್ ಮಾತ್ರ ಏರುತ್ತಿದೆ ಎಂದರೆ ಯಾರೋ ಪ್ರತಿ ಏರಿಕೆಯಲ್ಲೂ ಸುರಿಯುತ್ತಿದ್ದಾರೆ.

ಸುಳ್ಳು ಬರಗಾಲ

ಈಗ ನಾನೇ ಎಡವಿದ ಕತೆ. 2025ರ ದೀಪಾವಳಿಯ ಹೊತ್ತಿಗೆ ಒಂದು ಷೇರಿನ ಹ್ಯಾಂಡಲ್‌ನ ಮೂರನೇ ವಾರ ನೋಡುತ್ತಿದ್ದೆ. ವಾರದ ವಾಲ್ಯೂಮ್ ಕಡ್ಡಿ ಸರಾಸರಿಯ ಸುಮಾರು ಅರ್ಧಕ್ಕೆ ಇಳಿದಿತ್ತು. ಎಷ್ಟು ಅಂದವಾಗಿ ಬತ್ತಿದೆ ಎಂದು ಖುಷಿಪಟ್ಟು ಮುಂದಿನ ವಾರ ಹ್ಯಾಂಡಲ್‌ನ ಶಿಖರ ದಾಟುತ್ತಿದ್ದಂತೆ ಕೊಂಡೆ. ಶೇ. 8 ಕಳೆದುಕೊಂಡು ಹೊರಬಂದ ಮೇಲೆ ಕ್ಯಾಲೆಂಡರ್ ನೋಡಿದೆ. ಆ ವಾರ ಅಕ್ಟೋಬರ್ 21ರಂದು ಮುಹೂರ್ತ ಟ್ರೇಡಿಂಗಿನ ಒಂದು ಗಂಟೆ ಮಾತ್ರ, 22 ಬಲಿಪಾಡ್ಯಮಿ ರಜೆ. ಪೂರ್ತಿ ನಡೆದದ್ದು ಮೂರೇ ದಿನ. ಆ ಮೂರು ದಿನಗಳ ವಾಲ್ಯೂಮನ್ನು ದಿನದ ಸರಾಸರಿಗೆ ಹೋಲಿಸಿದಾಗ ಬತ್ತಿದ್ದು ನೂರಕ್ಕೆ ಹದಿನೈದರಷ್ಟು ಮಾತ್ರ. ನಾನು ನೋಡಿದ್ದು ಪಟಾಕಿ ಹಬ್ಬದ ರಜೆಯನ್ನು, ಮಾರುವವರ ಕೊರತೆಯನ್ನಲ್ಲ. ಅಂದಿನಿಂದ ರಜೆಯಿರುವ ವಾರದ ವಾಲ್ಯೂಮನ್ನು ನಡೆದ ದಿನಗಳಿಂದ ಭಾಗಿಸದೆ ನೋಡುವುದಿಲ್ಲ, ಮುಹೂರ್ತದ ಗಂಟೆಯನ್ನು ಲೆಕ್ಕದಿಂದಲೇ ತೆಗೆಯುತ್ತೇನೆ.

ಇನ್ನೊಂದು ಸುಳ್ಳು ಬರುವುದು ಸರಾಸರಿಯಿಂದಲೇ. 49 ದಿನ 4 ಲಕ್ಷದಂತೆ ನಡೆದ ಷೇರಿನಲ್ಲಿ ಒಂದು ದಿನ ದೊಡ್ಡ ಬಲ್ಕ್ ಡೀಲ್ ಆಗಿ 60 ಲಕ್ಷ ನಡೆಯಿತು ಎನ್ನಿ. 50 ದಿನದ ಸರಾಸರಿ 5.12 ಲಕ್ಷಕ್ಕೆ ಹಾರುತ್ತದೆ. ಆಗ 2.5 ಲಕ್ಷ ನಡೆದ ಸಾಮಾನ್ಯ ಮಂದ ದಿನವೂ ಸರಾಸರಿಯ ಶೇ. 49 ಎಂದು ತೋರಿ ನನ್ನ ಅರ್ಧದ ಗೆರೆ ದಾಟಿಬಿಡುತ್ತದೆ. ನಿಜಕ್ಕೆ ಅದು 62.5. ಹಾಗಾಗಿ ನಾನು ಸ್ಪ್ರೆಡ್‌ಶೀಟಿನಲ್ಲಿ ಸರಾಸರಿಯ ಬದಲು ಮಧ್ಯಸಂಖ್ಯೆ ಬಳಸುತ್ತೇನೆ. F ಕಾಲಮ್‌ನಲ್ಲಿ ದಿನದ ವಾಲ್ಯೂಮ್ ಇದ್ದು, 52ನೇ ಸಾಲು ಇವತ್ತಿನದಾದರೆ:

```
=F52/MEDIAN(F2:F51)
```

ಉತ್ತರ 0.5ಕ್ಕಿಂತ ಕಡಿಮೆ ಬಂದರೆ ಆ ದಿನ ನನ್ನ ಲೆಕ್ಕದಲ್ಲಿ ಬತ್ತಿದ ದಿನ. ಎರಡನ್ನೂ ಪಕ್ಕಪಕ್ಕ ಹಾಕಿ ನೋಡಿ; ಸರಾಸರಿಗೂ ಮಧ್ಯಸಂಖ್ಯೆಗೂ ದೊಡ್ಡ ಅಂತರ ಬಂದರೆ ಹಿಂದೆ ಎಲ್ಲೋ ಒಂದು ಬಲ್ಕ್ ಡೀಲ್ ಅಡಗಿದೆ.

ಷೇರು ವಿಭಜನೆ, ಬೋನಸ್ ಆದಾಗ ಹಳೆಯ ವಾಲ್ಯೂಮನ್ನೂ ಅದೇ ಪ್ರಮಾಣದಲ್ಲಿ ಹೊಂದಿಸಿರಬೇಕು. ಬೆಲೆ ಹೊಂದಿಸಿ ವಾಲ್ಯೂಮ್ ಹಾಗೇ ಬಿಟ್ಟ ಡೇಟಾ ಇದ್ದರೆ, ಒಂದು ಷೇರು ಐದಾದ ಮೇಲೆ ನಿಜಕ್ಕೂ ಬತ್ತಿದ ಹ್ಯಾಂಡಲ್ ಉಕ್ಕಿ ಹರಿದಂತೆ ಕಾಣುತ್ತದೆ. ಇದು ಒಳ್ಳೆಯ ಕಪ್ಪನ್ನು ಕೈಬಿಡಿಸುವ ತಪ್ಪು.

ಫಲಿತಾಂಶಕ್ಕೆ ಮುಂಚಿನ ಮೌನವೂ ಬತ್ತಿದಂತೆಯೇ ಕಾಣುತ್ತದೆ. ಕಂಪನಿಗಳು ತ್ರೈಮಾಸಿಕ ಮುಗಿದ 45 ದಿನದೊಳಗೆ, ವರ್ಷದ ಕೊನೆಯದಾದರೆ 60 ದಿನದೊಳಗೆ ಲೆಕ್ಕ ಕೊಡಬೇಕು. ಆ ದಿನಾಂಕ ಹತ್ತಿರವಿದ್ದಾಗ ಕೊಳ್ಳುವವರು, ಮಾರುವವರು ಇಬ್ಬರೂ ಕೈಕಟ್ಟಿ ಕೂತಿರುತ್ತಾರೆ. ಮಾರುವವರು ಮುಗಿದಿದ್ದಾರೆ ಎಂದು ಅದನ್ನು ಓದಲಾಗದು. ಫಲಿತಾಂಶಕ್ಕೆ ಒಂದು ವಾರವಿದ್ದರೆ ನಾನು ಆ ಹ್ಯಾಂಡಲನ್ನು ತೂಗುವುದೇ ಇಲ್ಲ, ಆಮೇಲೆ ನೋಡುತ್ತೇನೆ.

ಡೆಲಿವರಿ ಅಂಕಿಯ ಬಗ್ಗೆ ಒಂದು ಮಾತು. ಎನ್‌ಎಸ್‌ಇ ಪ್ರತಿದಿನ ಕೊಡುವ `sec_bhavdata_full` ಎಂಬ ಪೂರ್ಣ ಭಾವ್‌ಕಾಪಿ ಫೈಲಿನಲ್ಲಿ `DELIV_QTY` ಮತ್ತು `DELIV_PER` ಎಂಬ ಎರಡು ಕಾಲಮ್ ಇವೆ. ಹ್ಯಾಂಡಲ್‌ನಲ್ಲಿ ಡೆಲಿವರಿ ಶೇಕಡಾ ಏರಿತು, ಯಾರೋ ಸಂಗ್ರಹಿಸುತ್ತಿದ್ದಾರೆ ಎಂದು ಹೇಳುವವರು ಬಹಳ. ಸಂಜೆಯೊಳಗೆ ಕೊಟ್ಟು ತೊಗೊಳ್ಳುವ ಇಂಟ್ರಾಡೇ ಜನ ಮಂದ ಷೇರನ್ನು ಬಿಟ್ಟುಹೋದರೆ ಶೇಕಡಾ ತಾನಾಗಿಯೇ ಏರುತ್ತದೆ, ಸಂಗ್ರಹಣೆ ಇರಲೇಬೇಕೆಂದಿಲ್ಲ. ಹ್ಯಾಂಡಲ್‌ನಲ್ಲಿ ನೋಡಬೇಕಾದ್ದು `DELIV_QTY`, ಅದೂ ಇಳಿದಿರಬೇಕು. ಬ್ರೇಕ್‌ಔಟ್ ದಿನ ಅದೇ ಅಂಕಿ ಜಿಗಿದಿರಬೇಕು.

'ಅ' ಕೊಳ್ಳುವ ದಿನ

ಮೂರರಲ್ಲಿ ನನ್ನ ದುಡ್ಡು 'ಅ'ಗೆ. ಕೊಳ್ಳುವ ಬೆಲೆ ಹಳೆಯ ಶಿಖರ 500 ಅಲ್ಲ, ಹ್ಯಾಂಡಲ್‌ನ ಶಿಖರ 485ಕ್ಕಿಂತ ತುಸು ಮೇಲೆ. ಅಮೆರಿಕದಲ್ಲಿ 10 ಸೆಂಟ್ ಸೇರಿಸುತ್ತಾರೆ. ನಾನು 50 ಪೈಸೆ ಸೇರಿಸಿ 485.50 ಇಡುತ್ತೇನೆ. ಅಲ್ಲಿಂದ ಶೇ. 5 ಮೇಲಿನವರೆಗೆ, ಅಂದರೆ ಸುಮಾರು 509.75ರವರೆಗೆ ಕೊಳ್ಳಬಹುದು. ಬೆಳಿಗ್ಗೆ 515ರಲ್ಲಿ ತೆರೆದುಕೊಂಡರೆ ಬಿಟ್ಟುಬಿಡಬೇಕು, ಹೊಟ್ಟೆ ಉರಿದರೂ.

ದಾಟಿದ ದಿನದ ವಾಲ್ಯೂಮ್ ಸರಾಸರಿಗಿಂತ ಕನಿಷ್ಠ ಶೇ. 40 ಹೆಚ್ಚಿರಬೇಕು: 4 ಲಕ್ಷದ ಷೇರಿಗೆ 5.6 ಲಕ್ಷ. ಸಂಜೆಯವರೆಗೆ ಕಾದರೆ ಬೆಲೆ ಕೈಮೀರುತ್ತದೆ, ಆದ್ದರಿಂದ ಮಧ್ಯದಲ್ಲೇ ಅಂದಾಜು ಮಾಡಬೇಕು. 9:15ರಿಂದ 3:30ರವರೆಗೆ 375 ನಿಮಿಷ. 11:15ಕ್ಕೆ 120 ನಿಮಿಷ ಕಳೆದಿರುತ್ತದೆ, ನೇರ ಲೆಕ್ಕದಲ್ಲಿ ಆಗ 1.8 ಲಕ್ಷ ನಡೆದಿದ್ದರೆ ಸಾಕು. ಆದರೆ ಬೆಳಗಿನ ಹೊತ್ತು ವ್ಯವಹಾರ ಯಾವಾಗಲೂ ಜಾಸ್ತಿ, ನೇರ ಲೆಕ್ಕ ಮೋಸ ಮಾಡುತ್ತದೆ. ನಾನು 2.5 ಲಕ್ಷವಾದರೂ ಕೇಳುತ್ತೇನೆ. ದಿನಕ್ಕೆ ಶೇ. 5ಕ್ಕಿಂತ ಹೆಚ್ಚು ಏರಿಳಿಯಲು ಬಿಡದ ಸರ್ಕ್ಯೂಟ್ ಇರುವ ಸಣ್ಣ ಷೇರಾದರೆ ಈ ಪರೀಕ್ಷೆಯೇ ನಡೆಯದು: ಮೇಲಿನ ಸರ್ಕ್ಯೂಟಿಗೆ ಬೀಗ ಬಿದ್ದ ದಿನ ಕೊಡುವವರಿಲ್ಲದೆ ವಾಲ್ಯೂಮ್ ಕಡಿಮೆ ಇರುತ್ತದೆ, ಅದು ಬಲವೋ ಬಲಹೀನತೆಯೋ ಆ ದಿನ ತಿಳಿಯುವುದಿಲ್ಲ.

ಸ್ಟಾಪ್‌ಲಾಸ್ ಕೊಂಡ ಬೆಲೆಯಿಂದ ಶೇ. 7ರಿಂದ 8. 485.50ರ ಶೇ. 8 ಕೆಳಗೆ ಅಂದರೆ ಸುಮಾರು 446.65, ಹ್ಯಾಂಡಲ್‌ನ ತಳ 446ರ ಪಕ್ಕದಲ್ಲೇ. ಹ್ಯಾಂಡಲ್ ಬಿಗಿಯಾಗಿದ್ದರೆ ನಿಯಮದ ಸ್ಟಾಪ್ ಮತ್ತು ಚಾರ್ಟಿನ ಸ್ಟಾಪ್ ಹೀಗೆ ಒಂದೇ ಜಾಗಕ್ಕೆ ಬರುತ್ತವೆ. ಹ್ಯಾಂಡಲ್ ಶೇ. 15 ಜಾರಿದ್ದರೆ ಎರಡರ ನಡುವೆ ಕಂದಕ ಬಿದ್ದು, ಷೇರು ತಪ್ಪೇನೂ ಮಾಡದೆಯೇ ನೀವು ಹೊರಗೆ ಬೀಳುತ್ತೀರಿ. 10 ಲಕ್ಷದ ಖಾತೆಯಲ್ಲಿ ಒಂದು ವ್ಯವಹಾರಕ್ಕೆ ಶೇ. 1, ಅಂದರೆ 10,000 ರೂಪಾಯಿ ಕಳೆದುಕೊಳ್ಳಲು ಸಿದ್ಧವಿದ್ದರೆ, ಷೇರಿಗೆ ಸುಮಾರು 39 ರೂಪಾಯಿ ನಷ್ಟದ ಲೆಕ್ಕದಲ್ಲಿ 256 ಷೇರು ಬರುತ್ತವೆ. ಹಾಕುವ ದುಡ್ಡು 1.24 ಲಕ್ಷ. ಬೆಲೆ ರಾತ್ರೋರಾತ್ರಿ ಸ್ಟಾಪ್‌ಗಿಂತ ಕೆಳಗೆ ತೆರೆದರೆ ನಷ್ಟ 10,000ಕ್ಕೆ ನಿಲ್ಲುವುದಿಲ್ಲ, ಅದನ್ನೂ ಎಣಿಸಿಯೇ ಇಳಿಯಬೇಕು.

ಇಷ್ಟೆಲ್ಲ ಸರಿಯಿದ್ದೂ ಕೆಡುವ ಒಂದು ಸಂದರ್ಭವಿದೆ. ಇದು ಆ ಷೇರಿನ ಎಷ್ಟನೇ ಬೇಸ್? ದೊಡ್ಡ ಏರಿಕೆಯೊಂದರಲ್ಲಿ ಮೊದಲನೆಯ, ಎರಡನೆಯ ಬೇಸ್‌ಗಳು ಹೆಚ್ಚು ನಂಬಿಕೆಗೆ ಅರ್ಹ. ಮೂರನೆಯದು, ನಾಲ್ಕನೆಯದು ಬರುವಷ್ಟರಲ್ಲಿ ಷೇರಿನ ಹೆಸರು ಸಲೂನಿನಲ್ಲೂ ಕೇಳಿಸುತ್ತಿರುತ್ತದೆ. ಕೊಳ್ಳಬೇಕಾದವರೆಲ್ಲ ಆಗಲೇ ಕೊಂಡಿರುತ್ತಾರೆ. ಷೇರು ಹಿಂದಿನ ಬೇಸ್‌ನ ತಳವನ್ನೇ ಮುರಿದು ಕೆಳಗೆ ಹೋಗಿ ಬಂದಿದ್ದರೆ ಎಣಿಕೆ ಮತ್ತೆ ಒಂದರಿಂದ. 'ಇ' 500ರಿಂದ 1,200ರವರೆಗೆ ಬರುವ ದಾರಿಯಲ್ಲಿ ಎರಡು ಬೇಸ್ ಕಟ್ಟಿತ್ತು ಎಂದುಕೊಳ್ಳಿ, ಎರಡನೆಯದರ ತಳ 800. ಕಪ್ 660ಕ್ಕೆ ಇಳಿದು ಆ ತಳ ಮುರಿದಿದೆ, ಹಾಗಾಗಿ ಇದನ್ನು ಮೂರನೆಯದು ಎನ್ನದೆ ಹೊಸ ಎಣಿಕೆಯ ಮೊದಲನೆಯದು ಎನ್ನಬೇಕು. 'ಇ'ಗೆ ಸಿಗುವ ಒಂದೇ ಒಂದು ಒಳ್ಳೆಯ ಅಂಕ ಇದು. ಆದರೂ ಈ ಹ್ಯಾಂಡಲ್‌ನಲ್ಲಿ ನಾನು ಕೊಳ್ಳುವುದಿಲ್ಲ. ಅದು 1,000ದ ಹತ್ತಿರಕ್ಕಾದರೂ ಜಾರಿ, ಕೆಳಮುಖವಾದ ಬೇರೆ ಹ್ಯಾಂಡಲ್ ಕಟ್ಟಲಿ. ಆಗಲೂ ಮಧ್ಯಬಿಂದು 930ರ ಮೇಲೆಯೇ ಇರುತ್ತದೆ.

'ಆ'ದ ಮೇಲೆ ನನಗೆ ಸಿಟ್ಟಿಲ್ಲ. ಭಾವಮೈದನಿಗೆ ಹೇಳಿದ್ದೂ ಅಷ್ಟೆ: "ಬಿಡಬೇಡ, ಪಟ್ಟಿಯಲ್ಲಿ ಇಟ್ಟುಕೋ." 790ರಿಂದ 725ರ ಆಸುಪಾಸಿಗೆ, ಶೇ. 8ರಷ್ಟು, ಎರಡು ಮೂರು ವಾರ ಮೆಲ್ಲಗೆ ಜಾರಲಿ. ಆ ವಾರಗಳಲ್ಲಿ ರಜೆಯಿಲ್ಲದೆ, ಫಲಿತಾಂಶದ ಭಯವಿಲ್ಲದೆ ವಾಲ್ಯೂಮ್ ಅರ್ಧಕ್ಕಿಳಿಯಲಿ. ಅಷ್ಟಾದರೆ ಅವಧಿಯೂ ಎಂಟೊಂಬತ್ತು ವಾರವಾಗಿರುತ್ತದೆ, 790.50ಕ್ಕೆ ಅಲರ್ಟ್ ಹಾಕಬಹುದು. 725 ಮುರಿದು 10 ವಾರದ ಸರಾಸರಿಯ ಕೆಳಗೆ ವಾರ ಮುಗಿಸಿದರೆ ಅಲರ್ಟ್ ಅಳಿಸಿ, ಹೊಸ ಬೇಸ್ ಎಂದು ಮೊದಲಿಂದ ಎಣಿಸಬೇಕು. ಅವನು ಅಲರ್ಟ್ ಹಾಕಿದ್ದಾನೆ, 790.50ಕ್ಕಲ್ಲ, 760ಕ್ಕೆ.